ಶನಿವಾರ ರಾತ್ರಿ ನಾಲ್ಕರ ವಿಮಾನ

ಆಷಾಢ ಕಳೆದು ಶ್ರಾವಣ ಹತ್ತಿರವಾಗುವ ಹೊತ್ತಿಗೆ ಡಾಲಸ್ಸಿನ ಉತ್ತರದ ಊರುಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರಿ ಕೂತಿರುತ್ತದೆ. ಸೋನೆ ಮಳೆಯಿಲ್ಲ, ಮೋಡವೂ ಇಲ್ಲ. ಶ್ರಾವಣ ಬಂತೆಂದು ತಿಳಿಯಬೇಕಾದರೆ ಗೋಡೆಯ ಕ್ಯಾಲೆಂಡರ್ ನೋಡಬೇಕು. ನನಗೆ ಅದೂ ಬೇಡ, ಫೋನಿಗೆ ಬರುವ ಸಂದೇಶಗಳೇ ಹೇಳುತ್ತವೆ. 'ಹಾಯ್ ಅಕ್ಕ, ನಾನು ಯುಟಿ ಡಾಲಸ್‌ಗೆ ಎಂಎಸ್ ಮಾಡೋಕೆ ಬರ್ತಾ ಇದೀನಿ. ಶನಿವಾರ ರಾತ್ರಿ ಫ್ಲೈಟು. ಯಾರಾದ್ರೂ ಪಿಕಪ್ ಮಾಡ್ತೀರಾ? ರೂಮ್ ಕೂಡ ಬೇಕು. ಪ್ಲೀಸ್ ಹೆಲ್ಪ್.' ಹೆಸರು ಬೇರೆ, ಊರು ಬೇರೆ, ಸಂದೇಶ ಮಾತ್ರ ಎಲ್ಲರದೂ ಇದೇ.

ನಮ್ಮ ಮನೆಯಲ್ಲಿ ಇಂಥದ್ದಕ್ಕೆ ಉತ್ತರ ಬರೆಯುವುದು ನನ್ನ ಪಾಲಿನ ಕೆಲಸ, ಕಾರು ಓಡಿಸುವುದು ನಮ್ಮವರ ಪಾಲಿನದು. ಇಲ್ಲಿನ ಕನ್ನಡದವರಿಗೆ ಸಹಾಯ ಮಾಡುವ ಮನಸ್ಸಿಲ್ಲವೆಂದಲ್ಲ. ಕರೆಯಲು ಹೋದವರಿಗೆ ಡಬ್ಬಿ ತುಂಬ ಕೋಡುಬಳೆ ಸಿಗುತ್ತದೆ ಎನ್ನುವುದು ಗೊತ್ತಿರುವುದರಿಂದ ಕೆಲವರು ತಾವಾಗಿಯೇ ಮುಂದೆ ಬರುತ್ತಾರೆ. ತೊಡಕು ಬೇರೆ. ಮೇಲಿನ ಸಂದೇಶ ಓದಿದವನು ಕಾರಿನ ಕೀ ಹಿಡಿದು ಯಾವ ದಿನ, ಎಷ್ಟು ಗಂಟೆಗೆ, ಯಾವ ಬಾಗಿಲಿಗೆ ಹೋಗಬೇಕು? ಅದರಲ್ಲಿ ಒಂದೂ ಇಲ್ಲ. ಬೇಡುವ ಧಾಟಿ ಬೇಕಾದಷ್ಟಿದೆ, ಹೊರಡುವುದಕ್ಕೆ ಬೇಕಾದ ವಿವರ ಇಲ್ಲ. 'ಪ್ಲೀಸ್' ಒಂದು ಕಡಿಮೆಯಾದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ವಿಮಾನದ ನಂಬರು ಇಲ್ಲದಿದ್ದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ.

ಮೊದಲು ಆ 'ಶನಿವಾರ ರಾತ್ರಿ'ಯನ್ನೇ ನೋಡೋಣ. ನಮ್ಮಲ್ಲಿ ಸೂರ್ಯ ಹುಟ್ಟದೆ ದಿನ ಬದಲಾಗುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ವಿಮಾನವಿದ್ದರೆ ಮನೆಯವರೆಲ್ಲ ಅದನ್ನು 'ಶನಿವಾರ ರಾತ್ರಿ ನಾಲ್ಕು ಗಂಟೆ' ಎನ್ನುತ್ತಾರೆ. ಅಜ್ಜಿ ಶನಿವಾರವೇ ಆರತಿ ಎತ್ತಿ ಕಳಿಸುತ್ತಾರೆ, ಹುಡುಗ ಶನಿವಾರವೇ ಮನೆ ಬಿಡುತ್ತಾನೆ. ಟಿಕೆಟ್ಟಿನಲ್ಲಿ ಇರುವುದು ಭಾನುವಾರ. ಆಗಸ್ಟ್ 9 ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ದೇವನಹಳ್ಳಿಯಿಂದ ವಿಮಾನ ಹೊರಟಿತು ಎನ್ನಿ. ಆಗಸ್ಟಿನಲ್ಲಿ ಡಾಲಸ್ ಭಾರತಕ್ಕಿಂತ ಹತ್ತೂವರೆ ಗಂಟೆ ಹಿಂದೆ, ಅಂದರೆ ಆಗ ಇಲ್ಲಿ ಶನಿವಾರ ಸಂಜೆ ಐದೂವರೆ. ದೋಹಾದಲ್ಲೋ ದುಬೈಯಲ್ಲೋ ಕಾಯುವುದೂ ಸೇರಿ ಪ್ರಯಾಣ ಇಪ್ಪತ್ತೊಂದೂವರೆ ಗಂಟೆಯಾದರೆ ಇಳಿಯುವುದು ಭಾನುವಾರ ಮಧ್ಯಾಹ್ನ ಮೂರಕ್ಕೆ. ಹೊರಟದ್ದೂ ಭಾನುವಾರ, ತಲುಪಿದ್ದೂ ಭಾನುವಾರ. 'ಶನಿವಾರ' ಎಂಬ ಒಂದು ಮಾತನ್ನು ನಂಬಿ ಇಲ್ಲಿ ಯಾರೋ ಒಬ್ಬರು ಶನಿವಾರದ ಕೆಲಸ ಬಿಟ್ಟು ಕಾದು ಕೂತಿರುತ್ತಾರೆ. ಇನ್ನು ತಾರೀಖನ್ನು 9/8 ಎಂದು ಬರೆದರೆ ಇಲ್ಲಿನವರು ಅದನ್ನು ಸೆಪ್ಟೆಂಬರ್ 8 ಎಂದು ಓದುತ್ತಾರೆ. ಆದ್ದರಿಂದ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ, ವಾರ ಹಾಕಿ, ಡಾಲಸ್ಸಿನಲ್ಲಿ ಇಳಿಯುವ ಹೊತ್ತನ್ನು ಇಲ್ಲಿನ ಗಡಿಯಾರದಂತೆಯೇ ಹೇಳಿ. ಹೊರಡುವ ಹೊತ್ತು ನಿಮ್ಮ ಅಪ್ಪ ಅಮ್ಮನಿಗೆ ಬೇಕು, ನಮಗೆ ಬೇಡ. ವಿಮಾನದ ನಂಬರೊಂದು ಇದ್ದರೆ ತಡವಾದದ್ದು, ಬಾಗಿಲು ಬದಲಾದದ್ದು ಎಲ್ಲ ನಾವೇ ನೋಡಿಕೊಳ್ಳುತ್ತೇವೆ.

ಎರಡನೆಯದು, ನೀವು ಅಮೆರಿಕದ ಯಾವ ಊರಿನಲ್ಲಿ ಮೊದಲು ನೆಲ ಮುಟ್ಟುತ್ತೀರಿ ಎನ್ನುವುದು. ಇದನ್ನು ಬರೆಯುವವರು ಬಹಳ ಕಡಿಮೆ. ಕೊಲ್ಲಿಯಿಂದ ನೇರ ಡಾಲಸ್ಸಿಗೆ ಬಂದರೆ ಇಮಿಗ್ರೇಷನ್ ಡಾಲಸ್ಸಿನಲ್ಲೇ, ಇಳಿಯುವುದು ಸಾಮಾನ್ಯವಾಗಿ ಡಿ ಟರ್ಮಿನಲ್ಲಿನಲ್ಲಿ. ವಿಮಾನ ನೆಲ ಮುಟ್ಟಿದ ಮೇಲೆ ನೀವು ಹೊರಗೆ ಬರಲು ಒಂದು ಗಂಟೆಯೂ ಆಗಬಹುದು, ಮೂರು ಗಂಟೆಯೂ ಆಗಬಹುದು. ಶಿಕಾಗೋದಲ್ಲೋ ನ್ಯೂಯಾರ್ಕಿನಲ್ಲೋ ಇಳಿದು ಅಲ್ಲಿಂದ ಇನ್ನೊಂದು ವಿಮಾನ ಹತ್ತಿ ಬರುವವರ ಕಥೆಯೇ ಬೇರೆ. ಇಮಿಗ್ರೇಷನ್ ಅಲ್ಲೇ ಮುಗಿದಿರುತ್ತದೆ. ಡಾಲಸ್ಸಿನಲ್ಲಿ ಅವರು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದವರ ಹಾಗೆ ಸೀದಾ ನಡೆದು ಬರುತ್ತಾರೆ, ಎ, ಬಿ, ಸಿ, ಇ ಯಾವ ಟರ್ಮಿನಲ್ಲಿಗೆ ಬೇಕಾದರೂ. ನಾವು ಡಿ ಮುಂದೆ ಕಾಯುತ್ತಿರುತ್ತೇವೆ, ಹುಡುಗಿ ಇ ಮುಂದೆ ಬಿಸಿಲಿನಲ್ಲಿ ನಿಂತಿರುತ್ತಾಳೆ. ಅಬುಧಾಬಿ ಮೂಲಕ ಬರುವವರಿಗೆ ಅಮೆರಿಕದ ಇಮಿಗ್ರೇಷನ್ ಅಬುಧಾಬಿಯಲ್ಲೇ ಆಗಿಬಿಡುತ್ತದೆ ಎನ್ನುವುದು ಇನ್ನೊಂದು ವಿಚಿತ್ರ.

ಶಿಕಾಗೋ ಮೂಲಕ ಬರುವವರಿಗೆ ಒಂದು ಎಚ್ಚರಿಕೆಯ ಮಾತಿದೆ. ಬೆಂಗಳೂರಿನ ಕೌಂಟರಿನಲ್ಲಿ 'ಲಗೇಜ್ ಡಾಲಸ್ ತನಕ ಹೋಗುತ್ತೆ' ಎಂದು ಹೇಳಿ ಪಟ್ಟಿ ಅಂಟಿಸುತ್ತಾರೆ. ಪಟ್ಟಿಯ ಮೇಲೂ ಡಾಲಸ್ ಎಂದೇ ಇರುತ್ತದೆ. ಆದರೂ ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಸೂಟ್‌ಕೇಸುಗಳನ್ನು ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಅಲ್ಲಿ ಒಪ್ಪಿಸಬೇಕು. ಚಿತ್ರದುರ್ಗದ ಕಡೆಯ ಒಬ್ಬ ಹುಡುಗ ಪಟ್ಟಿಯನ್ನೇ ನಂಬಿ ಶಿಕಾಗೋದಲ್ಲಿ ಸೂಟ್‌ಕೇಸು ಬಿಟ್ಟು ಓಡಿ ಬಂದು ಡಾಲಸ್ಸಿನ ವಿಮಾನ ಹಿಡಿದ. ಅವನು ಬಂದ, ಅವನ ಬಟ್ಟೆ, ಕುಕ್ಕರ್, ಚಟ್ನಿಪುಡಿ ಬರಲಿಲ್ಲ. ನಮ್ಮವರ ಲುಂಗಿ ಉಟ್ಟುಕೊಂಡೇ ಆತ ಓರಿಯಂಟೇಷನ್ನಿನ ಸಿದ್ಧತೆ ನಡೆಸಿದ.

ಚಟ್ನಿಪುಡಿ ಎಂದಾಗ ನೆನಪಾಯಿತು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಮುಚ್ಚುಮರೆಯಿಲ್ಲದೆ 'ಇದೆ' ಎಂದು ಹೇಳಿ ತರಬಹುದು. ಹಸಿ ಕರಿಬೇವು ಮಾತ್ರ ಬೇಡ. ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗವನ್ನು ಹರಡುವ ಹುಳು ಆ ಎಲೆಯ ಮೇಲೆ ಬರುತ್ತದೆಂದು ಇಲ್ಲಿ ಅದಕ್ಕೆ ಕಟ್ಟುನಿಟ್ಟಾದ ತಡೆ. ಅಮ್ಮಂದಿರು ಸೂಟ್‌ಕೇಸಿನ ಮೂಲೆಯಲ್ಲಿ ಪೇಪರಿನಲ್ಲಿ ಸುತ್ತಿ ಎರಡು ಎಸಳು ಇಟ್ಟಿರುತ್ತಾರೆ, ಮಗಳಿಗೆ ಗೊತ್ತೇ ಇರುವುದಿಲ್ಲ. ನಾಯಿ ಬಂದು ಮೂಸಿ ಕೂತ ಮೇಲೆ ಗೊತ್ತಾಗುತ್ತದೆ. ಅಲ್ಲಿಂದ ಹೊರಗೆ ಕಾಯುವ ನಮಗೆ ಇನ್ನೊಂದು ಗಂಟೆ ಹೆಚ್ಚು.

ಕಾಯುವ ಹೊತ್ತಿನಲ್ಲಿ ಇನ್ನೊಂದು ನಾಟಕ ನಡೆಯುತ್ತದೆ. ಇಮಿಗ್ರೇಷನ್ ಸಾಲಿನಲ್ಲಿ ಫೋನು ಬಳಸುವಂತಿಲ್ಲ. ಕೆಲವರನ್ನು ಪಕ್ಕದ ಕೋಣೆಗೆ ಕರೆದು ಇನ್ನಷ್ಟು ಕೇಳುತ್ತಾರೆ. ಅಲ್ಲಿಯೂ ಫೋನು ಮುಟ್ಟುವಂತಿಲ್ಲ. ಆ ಮೌನ ಊರಿನಲ್ಲಿರುವವರಿಗೆ ತಡೆಯಲಾಗುವುದಿಲ್ಲ. ಅಮ್ಮ, ಅಪ್ಪ, ಸೋದರಮಾವ ಸರದಿಯ ಮೇಲೆ ನಮ್ಮವರಿಗೆ ಫೋನು ಮಾಡುತ್ತಾರೆ. 'ಸರ್, ಮಗು ಬಂತಾ?' 'ಇನ್ನೂ ಇಲ್ಲಮ್ಮ, ಬರ್ತಾನೆ.' ಎರಡು ನಿಮಿಷಕ್ಕೆ ಮಾವ. ಆದ್ದರಿಂದ ಊರಿನ ಕಡೆಯಿಂದ ಒಬ್ಬರ ನಂಬರು ಮಾತ್ರ ಕೊಡಿ, ಮೂರು ಗಂಟೆ ಸುದ್ದಿಯಿಲ್ಲದಿದ್ದರೂ ಗಾಬರಿ ಬೇಡವೆಂದು ಅವರಿಗೆ ಮೊದಲೇ ಹೇಳಿಡಿ. ಪಾಸ್‌ಪೋರ್ಟು, ಐ-20, ಸೆವಿಸ್ ಶುಲ್ಕದ ರಸೀದಿ, ಹಣದ ಕಾಗದಗಳು ಕೈಚೀಲದಲ್ಲೇ ಇರಲಿ. ಅವನ್ನು ದೊಡ್ಡ ಸೂಟ್‌ಕೇಸಿನಲ್ಲಿ ಸೀರೆಯ ಕೆಳಗೆ ಜೋಪಾನ ಮಾಡಿದವರೂ ಇದ್ದಾರೆ, ಆ ಸೂಟ್‌ಕೇಸು ಸಿಗುವುದು ಇಮಿಗ್ರೇಷನ್ ಮುಗಿದ ಮೇಲೆ. ಹೊರಗೆ ಬಂದ ಕೂಡಲೇ ವಿಮಾನ ನಿಲ್ದಾಣದ ಉಚಿತ ವೈಫೈ ಹಿಡಿದು ಬಾಗಿಲಿನ ಮೇಲೆ ಬರೆದಿರುವ ಅಕ್ಷರ, ನಂಬರು ತಿಳಿಸಿ. 'ಹೊರಗೆ ನಿಂತಿದೀನಿ ಅಣ್ಣ' ಎಂದರೆ ಅಷ್ಟು ದೊಡ್ಡ ನಿಲ್ದಾಣದಲ್ಲಿ ಹೊರಗೆ ಎನ್ನುವುದು ಎಲ್ಲ ಕಡೆಯೂ ಇದೆ.

ಸೂಟ್‌ಕೇಸು ಎಷ್ಟು ಎಂದೂ ಬರೆಯಬೇಕು. ಒಬ್ಬೊಬ್ಬರಿಗೆ 23 ಕಿಲೋದ ಎರಡು, ಕೈಯಲ್ಲೊಂದು, ಬೆನ್ನಿಗೊಂದು. 'ನಾವು ಮೂರು ಜನ ಫ್ರೆಂಡ್ಸು' ಎಂದರೆ ದೊಡ್ಡವೇ ಆರಾದವು. ಸಾಧಾರಣ ಕಾರಿನಲ್ಲಿ ಮೂರು ಜನ ಹಿಡಿಯುತ್ತಾರೆ, ಆರು ಸೂಟ್‌ಕೇಸು ಹಿಡಿಯುವುದಿಲ್ಲ. ಮೊದಲೇ ತಿಳಿದರೆ ದೊಡ್ಡ ವಾಹನ ಇರುವವರನ್ನು ಹುಡುಕಬಹುದು.

ಯಾರೂ ಸಿಗದಿದ್ದರೆ? ಊಬರ್ ಇದೆ, ರಿಚರ್ಡ್‌ಸನ್ ತನಕ ಐವತ್ತು ಡಾಲರಿನ ಆಸುಪಾಸು ಆದೀತು. ಆ್ಯಪಿಗೆ ಊರಿನಲ್ಲಿರುವಾಗಲೇ ಲಾಗಿನ್ ಆಗಿ, ಹಣ ಕಟ್ಟುವ ಕಾರ್ಡನ್ನು ಸೇರಿಸಿಡಿ, ಭಾರತದ ಸಿಮ್ಮಿಗೆ ರೋಮಿಂಗ್ ಹಾಕಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಒಟಿಪಿ ಬಾರದೆ ಕೈಚೆಲ್ಲಿ ಕೂತವರನ್ನು ನೋಡಿದ್ದೇನೆ. 2025ರ ಅಕ್ಟೋಬರಿನಿಂದ ಸಿಲ್ವರ್ ಲೈನ್ ಎಂಬ ರೈಲೂ ಬಂದಿದೆ. ಬಿ ಟರ್ಮಿನಲ್ಲಿನಿಂದ ಹೊರಟು ಯುಟಿ ಡಾಲಸ್ ಬಾಗಿಲಿಗೇ ಬರುತ್ತದೆ. ಎರಡು ದೊಡ್ಡ ಸೂಟ್‌ಕೇಸು ಎಳೆದುಕೊಂಡು ಡಿಯಿಂದ ಬಿಗೆ ಹೋಗುವುದು ಕಷ್ಟ, ಆದರೆ ಆಗದ ಕೆಲಸವಲ್ಲ. ದುಡ್ಡು ತೆಗೆದುಕೊಂಡು ಪಿಕಪ್ ಮಾಡುವ ಸೀನಿಯರುಗಳೂ ಇದ್ದಾರೆ. ಪೆಟ್ರೋಲು, ಟೋಲಿನ ಖರ್ಚನ್ನು ಹಂಚಿಕೊಳ್ಳುವುದು ಬೇರೆ, ಅದನ್ನೇ ಬಾಡಿಗೆಯ ಕಸುಬು ಮಾಡುವುದು ಬೇರೆ. ಎಫ್-1 ವೀಸಾದವರು ಹಾಗೆ ದುಡಿಯುವಂತಿಲ್ಲ, ಅಪಘಾತವಾದರೆ ಸ್ವಂತ ಕಾರಿನ ವಿಮೆಯವರೂ ಕೈಯೆತ್ತಬಹುದು. ನನ್ನನ್ನು ಕೇಳಿದರೆ ಅದಕ್ಕಿಂತ ಊಬರ್ ಲೇಸು.

ಇಮಿಗ್ರೇಷನ್ನಿನವರು ಕೇಳುವ ಪ್ರಶ್ನೆಗಳಲ್ಲಿ 'ಎಲ್ಲಿ ಉಳಿದುಕೊಳ್ಳುತ್ತೀರಿ' ಎನ್ನುವುದೂ ಒಂದು. ಅಂದರೆ ರೂಮು ಸಿಗುವ ಮೊದಲೇ ಒಂದು ವಿಳಾಸ ಕೈಯಲ್ಲಿರಬೇಕು. ಮೊದಲ ರಾತ್ರಿ ಎಲ್ಲಿ ಮಲಗುತ್ತೀರೋ ಆ ಮನೆಯ ಪೂರ್ತಿ ವಿಳಾಸವನ್ನು ಅವರನ್ನು ಕೇಳಿಯೇ ಬರೆದಿಟ್ಟುಕೊಳ್ಳಿ. ಮುಂದೆ ಮನೆ ಬದಲಿಸಿದಾಗ ಹತ್ತು ದಿನದೊಳಗೆ ವಿಶ್ವವಿದ್ಯಾಲಯಕ್ಕೆ ತಿಳಿಸುವುದೂ ನಿಮ್ಮದೇ ಹೊಣೆ.

ಈಗ ಅದೇ ಭಾನುವಾರ ಮಧ್ಯಾಹ್ನಕ್ಕೆ ಬನ್ನಿ. ಅಪಾರ್ಟ್‌ಮೆಂಟನ್ನು ಊರಿನಿಂದಲೇ ಗೊತ್ತು ಮಾಡಿಕೊಂಡು ಬಂದಿದ್ದೀರಿ, ಲೀಸಿಗೆ ಆನ್‌ಲೈನಿನಲ್ಲೇ ಸಹಿ ಹಾಕಿದ್ದೀರಿ. ಸೀದಾ ಅಲ್ಲಿಗೇ ಹೋಗೋಣ ಎನ್ನುತ್ತೀರಿ. ಅನೇಕ ಕಡೆ ಭಾನುವಾರ ಲೀಸಿಂಗ್ ಆಫೀಸಿಗೆ ಬೀಗ. ತೆರೆದಿದ್ದರೂ ವಿದ್ಯುತ್ ಖಾತೆಯ ನಂಬರು ತೋರಿಸದೆ, ಬಾಡಿಗೆದಾರರ ವಿಮೆಯ ಕಾಗದ ತೋರಿಸದೆ ಕೀಲಿ ಕೊಡುವುದಿಲ್ಲ. ನಮ್ಮ ಬೆಸ್ಕಾಂ, ಹೆಸ್ಕಾಂಗಳ ಹಾಗೆ ಟೆಕ್ಸಾಸಿನ ಈ ಭಾಗದಲ್ಲಿ ಕರೆಂಟಿಗೆ ಒಂದೇ ಕಂಪನಿ ಎಂಬುದಿಲ್ಲ, ಹತ್ತಾರು ಕಂಪನಿಗಳಲ್ಲಿ ಒಂದನ್ನು ನೀವೇ ಆರಿಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಸೋಷಿಯಲ್ ಸೆಕ್ಯುರಿಟಿ ನಂಬರು ಇನ್ನೂ ಇಲ್ಲದವರಿಗೆ ಡಿಪಾಸಿಟ್ ಕೇಳುತ್ತಾರೆ, ಇಲ್ಲವೇ ಮುಂಗಡ ಕಟ್ಟಿಸಿಕೊಂಡು ಕರೆಂಟು ಕೊಡುವ ಕಂಪನಿ ಹುಡುಕಬೇಕು. ನಾಲ್ವರು ರೂಮ್‌ಮೇಟುಗಳಲ್ಲಿ ಮೊದಲು ಬರುವವರು ಯಾರೋ ಅವರ ಹೆಸರಿಗೆ ಈ ಕೆಲಸ ಆಗಿರಲಿ. ಶನಿವಾರ ರಾತ್ರಿಯ ವಿಮಾನದವರು ಭಾನುವಾರ ಒಂದು ರಾತ್ರಿಗಾದರೂ ಬೇರೆ ಮನೆ ಕೇಳಬೇಕಾಗುತ್ತದೆ. 'ಒಂದು ರಾತ್ರಿ' ಎಂದು ಬರೆದರೆ ಹತ್ತು ಮನೆಯ ಬಾಗಿಲು ತೆರೆಯುತ್ತದೆ. 'ಸ್ವಲ್ಪ ದಿನ' ಎಂದರೆ ತೆರೆಯುವ ಕೈ ಹಿಂದೆ ಸರಿಯುತ್ತದೆ. ಸೀನಿಯರುಗಳ ಫ್ಲಾಟಿನಲ್ಲಿ ಉಳಿಯುವುದಾದರೂ ಅತಿಥಿಗಳು ಎಷ್ಟು ದಿನ ಇರಬಹುದೆಂದು ಅವರ ಲೀಸಿನಲ್ಲಿ ಬರೆದಿರುತ್ತದೆ, ಮೀರಿದರೆ ನೋಟಿಸು ಬರುವುದು ಅವರಿಗೆ.

ರೂಮ್‌ಮೇಟು ಹುಡುಕುವವರ ಸಂದೇಶದಲ್ಲಿ ಎಲ್ಲರೂ 'ಫ್ರೆಂಡ್ಲಿ, ಕ್ಲೀನ್, ಈಸಿಗೋಯಿಂಗ್' ಆಗಿರುತ್ತಾರೆ. ಹೆಣ್ಣು ನೋಡಲು ಹೋದಾಗ ಹುಡುಗನ ಬಗ್ಗೆ ಹೇಳುವ ಮಾತಿನ ಹಾಗೆ, ಅದರಿಂದ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಎಷ್ಟು ಗಂಟೆಗೆ ಮಲಗುತ್ತೀರಿ, ಅಡುಗೆ ಬರುತ್ತದೆಯೆ, ಪಾತ್ರೆ ಅಂದೇ ತೊಳೆಯುತ್ತೀರಾ ಮರುದಿನವೇ, ಫ್ರಿಜ್ಜಿನಲ್ಲಿ ಮೊಟ್ಟೆ ಕೋಳಿ ಇದ್ದರೆ ನಡೆಯುತ್ತದೆಯೆ, ಏಸಿ ಎಷ್ಟರಲ್ಲಿ ಇಡಬೇಕು. ಕೊನೆಯದು ಸಣ್ಣ ವಿಷಯವೆಂದು ನಗಬೇಡಿ. ಇಲ್ಲಿಯ ಆಗಸ್ಟಿನಲ್ಲಿ 72 ಫ್ಯಾರನ್‌ಹೀಟ್ ಬೇಕೆನ್ನುವವನಿಗೂ 78 ಸಾಕೆನ್ನುವವನಿಗೂ ನಡುವೆ ಇರುವುದು ಕರೆಂಟ್ ಬಿಲ್ಲು. ಅಡುಗೆಯ ವಿಷಯಕ್ಕೆ ಬಂದರೆ, ಒಲೆಯ ಮೇಲಿನ ಫ್ಯಾನು ಎಷ್ಟೋ ಫ್ಲಾಟುಗಳಲ್ಲಿ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಒಂದು ಜಾಲರಿಯ ಮೂಲಕ ಎಳೆದು ಮತ್ತೆ ಒಳಕ್ಕೇ ಬಿಡುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಹಾಕಿದ ಮೊದಲ ದಿನವೇ ಹೊಗೆಯ ಅಲಾರಂ ಕಿರುಚುತ್ತದೆ, ನಾಲ್ವರೂ ಟವೆಲು ಹಿಡಿದು ಬೀಸುತ್ತ ನಿಲ್ಲುತ್ತಾರೆ.

ಕನ್ನಡದವರೇ ಬೇಕು ಎನ್ನುವವರಿಗೆ ನನ್ನ ಆಕ್ಷೇಪವಿಲ್ಲ. ಪಾತ್ರೆಯ ಜಗಳವನ್ನು ಇಂಗ್ಲಿಷಿನಲ್ಲಿ ಆಡುವುದು ಬಹಳ ದಣಿವಿನ ಕೆಲಸ. ಆದರೆ ಇಲ್ಲಿ ತೆಲುಗಿನ ಮಕ್ಕಳಿಗೆ ಹೋಲಿಸಿದರೆ ನಮ್ಮವರು ಕಡಿಮೆ. ನಾಲ್ವರೂ ಕನ್ನಡದವರೇ ಆಗಲಿ ಎಂದು ಜುಲೈ ಪೂರ್ತಿ ಕಾದವರು ಆಗಸ್ಟಿನಲ್ಲಿ ಕ್ಯಾಂಪಸ್ಸಿಗೆ ದೂರದ, ಬಾಡಿಗೆ ಹೆಚ್ಚಿನ ಮನೆಗೆ ಹೋಗುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಜಗಳಕ್ಕಿಂತ ಹೆಚ್ಚು ಕಾಡುವುದು ಲೀಸಿನ ಒಂದು ಸಾಲು: ಸಹಿ ಹಾಕಿದವರೆಲ್ಲರೂ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಹೊಣೆ. ಉದಾಹರಣೆಗೆ ಎರಡು ಬೆಡ್‌ರೂಮಿನ ಮನೆಗೆ ತಿಂಗಳಿಗೆ 1800 ಡಾಲರ್ ಬಾಡಿಗೆ, ನಾಲ್ವರು, ತಲೆಗೆ 450 ಎನ್ನಿ. ನೀವೆಲ್ಲ ಲೆಕ್ಕ ಹಾಕುವುದು 450ರ ಲೆಕ್ಕ. ಮಾಲೀಕರ ಪುಸ್ತಕದಲ್ಲಿ ಇರುವುದು 1800 ಒಂದೇ. ಡಿಸೆಂಬರಿನಲ್ಲಿ ಒಬ್ಬ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟುಹೋದ. ಮಾಲೀಕರಿಗೆ ಅವನ ಪಾಲಿನ ಗೊಡವೆಯಿಲ್ಲ, ಉಳಿದ ಮೂವರು 600ರಂತೆ ತುಂಬಬೇಕು. ತುಂಬದಿದ್ದರೆ ಕೊಟ್ಟವರೂ ಸೇರಿ ನಾಲ್ವರ ಹೆಸರಿಗೂ ಕೆಟ್ಟ ಗುರುತು. ಅವನ ಜಾಗಕ್ಕೆ ಇನ್ನೊಬ್ಬನನ್ನು ಸದ್ದಿಲ್ಲದೆ ತಂದಿಡೋಣ ಎಂದರೆ ಮಾಲೀಕರ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವಂತಿಲ್ಲ ಎಂದು ಟೆಕ್ಸಾಸಿನ ಕಾನೂನೇ ಹೇಳುತ್ತದೆ. ಕೆಲವು ವಿದ್ಯಾರ್ಥಿ ಅಪಾರ್ಟ್‌ಮೆಂಟುಗಳಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಲೀಸು ಇರುತ್ತದೆ. ಬಾಡಿಗೆ ತುಸು ಹೆಚ್ಚಾದರೂ ಅಪರಿಚಿತರೊಡನೆ ಮನೆ ಮಾಡುವವರಿಗೆ ಅದೇ ಒಳ್ಳೆಯದು ಎನ್ನುವುದು ನನ್ನ ಮತ. ಅದು ಸಿಗದಿದ್ದರೆ, ನಡುವೆ ಬಿಡುವವರು ತಮ್ಮ ಬದಲಿಗೆ ಜನ ಹುಡುಕಿಕೊಟ್ಟೇ ಹೋಗಬೇಕು, ಅಲ್ಲಿಯ ತನಕ ತಮ್ಮ ಪಾಲು ಕಟ್ಟಬೇಕು ಎಂದು ನಾಲ್ವರೂ ಬರಹದಲ್ಲಿ ಒಪ್ಪಿಕೊಳ್ಳಿ. ಮಾಲೀಕರನ್ನು ಅದು ಕಟ್ಟಿಹಾಕುವುದಿಲ್ಲ, ನಿಮ್ಮೊಳಗಿನ ಮಾತಿಗೆ ಮಾತ್ರ ಆಧಾರ. ಇನ್ನೊಂದು ಲೆಕ್ಕ: ಲೀಸು ಆಗಸ್ಟ್ 10ಕ್ಕೆ ಶುರುವಾದರೆ ಆ ತಿಂಗಳ 22 ದಿನಕ್ಕೆ ಸುಮಾರು 1277 ಡಾಲರ್, ತಲೆಗೆ 319. ಇಪ್ಪತ್ತನೇ ತಾರೀಖಿಗೆ ಬರುವವನು 'ನಾನು ಇರಲಿಲ್ಲವಲ್ಲ' ಎನ್ನುತ್ತಾನೆ. ಇದನ್ನು ಸಹಿಗೆ ಮೊದಲು ಮಾತಾಡಿಕೊಂಡರೆ ಒಂದು ಸಾಲು, ಆಮೇಲೆ ಮಾತಾಡಿದರೆ ಒಂದು ವರ್ಷ.

ಮೋಸದ ಮಾತನ್ನೂ ಹೇಳಿಬಿಡುತ್ತೇನೆ. ಸುತ್ತಲಿನ ಬಾಡಿಗೆಗಿಂತ ಬಹಳ ಕಡಿಮೆಗೆ ಮನೆ, ಮಾಲೀಕ ಊರಿನಲ್ಲಿಲ್ಲ, ಇಂದೇ ಡಿಪಾಸಿಟ್ ಕಳಿಸದಿದ್ದರೆ ಬೇರೆಯವರಿಗೆ. ಈ ಮೂರೂ ಒಟ್ಟಿಗೆ ಬಂದರೆ ಅಲ್ಲಿಗೆ ಕೈಬಿಡಿ. ಅಪಾರ್ಟ್‌ಮೆಂಟಾದರೆ ಅವರು ಕೊಟ್ಟ ನಂಬರಿಗಲ್ಲ, ನಕಾಶೆಯಲ್ಲಿ ಸಿಗುವ ಲೀಸಿಂಗ್ ಆಫೀಸಿನ ನಂಬರಿಗೆ ನೀವೇ ಫೋನು ಮಾಡಿ. ಒಂಟಿ ಮನೆಯಾದರೆ ಆಸ್ತಿಯ ಬೆಲೆ ಕಟ್ಟುವ ಕೌಂಟಿ ಕಚೇರಿಯ ದಾಖಲೆಯಲ್ಲಿ ಮಾಲೀಕರ ಹೆಸರು ಬಿಟ್ಟಿಯಾಗಿ ನೋಡಸಿಗುತ್ತದೆ. ಯುಟಿ ಡಾಲಸ್ಸಿನ ಅಂಗಳ ಡಾಲಸ್, ಕಾಲಿನ್ ಎರಡೂ ಕೌಂಟಿಗಳಲ್ಲಿ ಹರಡಿರುವುದರಿಂದ ಎರಡು ಕಡೆಯೂ ಹುಡುಕಬೇಕಾದೀತು. ವಿಡಿಯೊ ಕಾಲಿನಲ್ಲಿ ನಲ್ಲಿ ತಿರುಗಿಸಿ ತೋರಿಸಲು ಕೇಳಿ. ಫೋಟೊ ಕದ್ದವರು ನಲ್ಲಿ ತಿರುಗಿಸಲಾರರು.

ಇಷ್ಟೆಲ್ಲ ಹೇಳಿದ ಮೇಲೆ ಸಂದೇಶ ಉದ್ದವಾಗಬೇಕೆಂದೇನೂ ಇಲ್ಲ. ಹೆಸರು, ಊರು, ಓದುವ ವಿಷಯವನ್ನು ಮೊದಲ ಸಾಲಿನಲ್ಲಿ ಹೇಳಿ, ಆಮೇಲೆ ಹೀಗೆ ಬರೆದರೆ ಸಾಕು:

'ಆಗಸ್ಟ್ 9, ಭಾನುವಾರ ಮಧ್ಯಾಹ್ನ 3 ಗಂಟೆಗೆ (ಡಾಲಸ್ ಸಮಯ) ದೋಹಾದಿಂದ ಬಂದಿಳಿಯುತ್ತೇನೆ, ಇಮಿಗ್ರೇಷನ್ ಡಾಲಸ್ಸಿನಲ್ಲೇ. ವಿಮಾನದ ನಂಬರು ಕೆಳಗಿದೆ. ಒಬ್ಬನೇ, ಎರಡು ದೊಡ್ಡ ಸೂಟ್‌ಕೇಸು. ರಿಚರ್ಡ್‌ಸನ್ ತನಕ ಯಾರಾದರೂ ಕರೆದುಕೊಂಡು ಹೋದರೆ ಉಪಕಾರ. ಆಗದಿದ್ದರೆ ಊಬರಿನಲ್ಲಿ ಬರುತ್ತೇನೆ. ಭಾನುವಾರ ಒಂದು ರಾತ್ರಿ ಉಳಿಯಲು ಜಾಗ ಬೇಕು. ಇನ್ನೂ ರೂಮು ಸಿಕ್ಕಿಲ್ಲ. ತಿಂಗಳಿಗೆ ಎಲ್ಲ ಸೇರಿ 550 ಡಾಲರ್ ತನಕ ಕೊಡಬಲ್ಲೆ, ಹಂಚಿಕೊಂಡ ಕೋಣೆಯಾದರೂ ಸರಿ. ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ, ತಿನ್ನುವವರ ಜೊತೆ ಇರಲು ಅಭ್ಯಂತರವಿಲ್ಲ. ಹನ್ನೊಂದಕ್ಕೆ ಮಲಗುತ್ತೇನೆ. ಅನ್ನ, ಸಾರು, ಉಪ್ಪಿಟ್ಟು ಮಾಡಲು ಬರುತ್ತದೆ. ಊರಿನಲ್ಲಿ ಅಣ್ಣನ ನಂಬರು ಮಾತ್ರ ಕೊಡುತ್ತೇನೆ, ಸಹಾಯ ಮಾಡುವವರಿಗೆ ಖಾಸಗಿಯಾಗಿ.'

ವಿಮಾನದ ವಿವರ ಇದ್ದ ಕೂಡಲೇ ಯಾರಾದರೂ 'ಅವತ್ತು ನಾನು ಖಾಲಿ' ಎನ್ನುತ್ತಾರೆ. ಉಪ್ಪಿಟ್ಟಿನ ಸಾಲು ನೋಡಿ ಇನ್ಯಾರೋ ಕೋಣೆ ಖಾಲಿ ಇದೆ ಎನ್ನುತ್ತಾರೆ, ಇದು ತಮಾಷೆಯಲ್ಲ.

ಒಂದು ಬೇಡಿಕೆ ಉಳಿದಿದೆ. ಸವಾರಿ ಸಿಕ್ಕ ದಿನ, ರೂಮು ಗೊತ್ತಾದ ದಿನ, ಕೇಳಿದ ಕಡೆಗೆಲ್ಲ 'ಸಿಕ್ಕಿತು, ಇನ್ನು ಬೇಡ' ಎಂದು ಒಂದು ಸಾಲು ಬರೆದುಬಿಡಿ. ಬರೆಯದಿದ್ದರೆ ಭಾನುವಾರ ಮಧ್ಯಾಹ್ನ ಡಿ ಟರ್ಮಿನಲ್ಲಿನ ಮುಂದೆ ನಿಮಗಾಗಿ ಎರಡು ಕಾರು ನಿಂತಿರುತ್ತವೆ, ಬೇರೆ ಬಾಗಿಲಿನಲ್ಲಿ ಬಂದವರಿಗೆ ಒಂದೂ ಇರುವುದಿಲ್ಲ.